ಅಜ್ಜಿಯ ಮಿಕ್ಸಿಗೆ ಹೊಸ ನಾಬ್: ತಿಪಟೂರಿನ ಪ್ರಾಜೆಕ್ಟ್ ಡೈರಿ

ಭಾನುವಾರ

ಮಿಕ್ಸಿ ಹಳೇದು, ಮೋಟರ್ ಮಾತ್ರ ಗಟ್ಟಿ. ಒಡೆದಿರೋದು ಮುಂದಿನ ಸ್ಪೀಡ್ ನಾಬ್. ಈ ಮಾಡೆಲ್ ನಿಂತು ಎಷ್ಟೋ ಕಾಲ ಆಗಿದೆ, ಅಂಗಡಿಯಲ್ಲಿ ಸಿಗೋ ನಾಬ್ ಯಾವುದೂ ಕೂರಲ್ಲ. ಹಾಗಾಗಿ ಅಜ್ಜಿ ಕಟಿಂಗ್ ಪ್ಲೇಯರ್ ಹಿಡಿದೇ ಚಟ್ನಿ ರುಬ್ಬುತ್ತಾಳೆ.

ಇದನ್ನು ಹಾಗೇ ಬಿಡೋ ಹಾಗಿಲ್ಲ, ಹೊಸ ನಾಬನ್ನು 3D ಪ್ರಿಂಟರಿನಲ್ಲಿ ನಾನೇ ಮಾಡಬೇಕು. ಸ್ವಿಚ್ಚಿನಿಂದ ಹೊರಗೆ ಬಂದಿರೋ ಶಾಫ್ಟ್ ಬಿಳಿ ಪ್ಲಾಸ್ಟಿಕ್ಕಿನದು. ದುಂಡಗಿದೆ, ಒಂದು ಪಕ್ಕ ಮಾತ್ರ ಚಪ್ಪಟೆ. ಆ ಚಪ್ಪಟೆ ಇರೋದರಿಂದಲೇ ನಾಬ್ ಜಾರದೆ ಹಿಡಿಯುತ್ತೆ. ಪ್ಲೇಯರಿನ ಹಲ್ಲು ಅದರ ಅಂಚನ್ನು ಆಗಲೇ ಸ್ವಲ್ಪ ಕಚ್ಚಿದೆ. ಪೂರ್ತಿ ಸವೆದರೆ ಸ್ವಿಚ್ಚನ್ನೇ ಬದಲಿಸಬೇಕು.

ಪ್ಲಗ್ ತೆಗೆದು ಹಳೇ ನಾಬಿನ ಚೂರುಗಳನ್ನು ಜೋಡಿಸಿ ನೋಡಿದೆ. ಹೊರಗಿನ ಬಿಲ್ಲೆಗೆ ಏನೂ ಆಗಿಲ್ಲ. ಒಡೆದಿರೋದು ಒಳಗೆ ಶಾಫ್ಟನ್ನು ಸುತ್ತಿಕೊಂಡಿರೋ ಸಣ್ಣ ಕೊಳವೆ. ಅದರ ಗೋಡೆ ಒಂದೂವರೆ ಮಿ.ಮೀ. ಅಷ್ಟೇ. ಬಿರುಕು ಚಪ್ಪಟೆಯ ಮೂಲೆಯಿಂದ ಶುರುವಾಗಿ ಉದ್ದಕ್ಕೆ ಓಡಿದೆ. ತಿರುಗಿಸಿದಾಗೆಲ್ಲ ಶಾಫ್ಟಿನ ಮೂಲೆ ಕೊಳವೆಯನ್ನು ಒಳಗಿಂದ ಅಗಲಿಸುತ್ತೆ, ತೆಳು ಗೋಡೆ ಅಲ್ಲೇ ಸೀಳುತ್ತೆ. ಹೊಸದರಲ್ಲಿ ಕೊಳವೆಯೇ ಬೇಡ, ಇಡೀ ಬಿಲ್ಲೆ ಗಟ್ಟಿ ಇರಲಿ, ನಡುವೆ ಒಂದು ತೂತು ಸಾಕು ಅಂತ ತೀರ್ಮಾನ ಮಾಡಿದೆ.

ಸೋಮವಾರ

ಶಾಲೆಯ ಅಟಲ್ ಟಿಂಕರಿಂಗ್ ಲ್ಯಾಬಿನ ವರ್ನಿಯರ್ ಮನೆಗೆ ತಂದೆ. ಶಾಫ್ಟಿನ ದಪ್ಪ 6 ಮಿ.ಮೀ. ಚಪ್ಪಟೆಯಿಂದ ಎದುರಿನ ದುಂಡು ಬದಿಗೆ 4.5. ಸ್ವಿಚ್ 0ಯಲ್ಲಿದ್ದಾಗ ಚಪ್ಪಟೆ ಮೇಲಕ್ಕೆ ನೋಡುತ್ತೆ. ಇದನ್ನು ಬರೆದಿಟ್ಟುಕೊಳ್ಳದಿದ್ದರೆ ನಾಬ್ 0 ತೋರಿಸುವಾಗ ಮಿಕ್ಸಿ 2ರಲ್ಲಿ ಓಡಬಹುದು.

ಅಜ್ಜಿಯದೂ ಒಂದು ಬೇಡಿಕೆ ಇತ್ತು. "ಉಂಡೆ ಥರ ಮಾಡಬೇಡ ಮಗಾ. ಎಣ್ಣೆ ಕೈಗೆ ಜಾರ್ತದೆ. ಗ್ಯಾಸ್ ಒಲೇದಕ್ಕೆ ಇರ್ತದಲ್ಲ, ಹಂಗೆ ಹಿಡ್ಕೊಳಕ್ಕೆ ಏನಾದ್ರೂ ಇಡು."

ಸರಿಯಾದ ಮಾತು. ಮೇಲೆ ಒಂದು ಹಿಡಿ ಎಬ್ಬಿಸಿದೆ. ಆದರೆ ಅದನ್ನು ಬಿಲ್ಲೆಗಿಂತ ಆಚೆ ಚಾಚಲಿಲ್ಲ. ಹಿಡಿ ಉದ್ದ ಆದಷ್ಟೂ ಅದೇ ಕೈ ಶಾಫ್ಟನ್ನು ಜಾಸ್ತಿ ತಿರುಚುತ್ತೆ. 3 ಆದಮೇಲೂ ಅಜ್ಜಿ ಇನ್ನೊಂದು ಸಲ ಒತ್ತಿ ತಿರುಗಿಸೋದು ರೂಢಿ, ಆಗ ಮುರಿಯೋದು ಸ್ವಿಚ್ಚು.

ಕೋಡ್ ಬರೆದು ಆಕಾರ ಮಾಡೋ OpenSCADನಲ್ಲಿ ಬರೆದದ್ದು ಇಷ್ಟೇ:

```
$fn = 96;
d = 6.2;      // shaft 6.0
flat = 4.7;   // shaft 4.5

difference() {
  union() {
    cylinder(d = 38, h = 14);
    translate([-5, -18, 14]) cube([10, 36, 10]);
  }
  translate([0, 0, -0.01]) intersection() {
    cylinder(d = d, h = 12);
    translate([-d/2, -d/2, 0]) cube([d, flat, 12]);
  }
}
```

ಹಿಡಿಯ ಎರಡು ತುದಿಯೂ ಒಂದೇ ಥರ ಕಾಣುತ್ತೆ. ಅದಕ್ಕೆ ಆಮೇಲೆ ಮೇಲಿನ ತುದಿಗೆ ಒಂದು ಸಣ್ಣ ಉಬ್ಬು ಸೇರಿಸಿದೆ. ಅಜ್ಜಿ ಕನ್ನಡಕ ಹುಡುಕದೆ ಬೆರಳಲ್ಲೇ ಗುರುತು ಹಿಡಿಯಬಹುದು.

ಬುಧವಾರ

6.2 ಎಲ್ಲಿಂದ ಬಂತು ಅಂತ ಗೆಳೆಯ ಕೇಳಿದ. ಪ್ರಿಂಟರಿನಲ್ಲಿ ಬರೋ ತೂತು ನಾವು ಕೊಟ್ಟ ಅಳತೆಗಿಂತ ಸಾಮಾನ್ಯವಾಗಿ ಸ್ವಲ್ಪ ಕಿರಿದು. ಎಷ್ಟು ಕಿರಿದು ಅನ್ನೋದು ಆಯಾ ಪ್ರಿಂಟರಿಗೆ ಬಿಟ್ಟದ್ದು. ಅದಕ್ಕೆ ಇಡೀ ನಾಬ್ ಪ್ರಿಂಟ್ ಮಾಡೋ ಮೊದಲು 4 ಮಿ.ಮೀ. ದಪ್ಪದ ಒಂದು ಪಟ್ಟಿ ಮಾಡಿ, ಅದರಲ್ಲಿ 6.0ಯಿಂದ 6.4ರವರೆಗೆ ಸಾಲಾಗಿ ತೂತು ಕೊಟ್ಟಿದ್ದೆ. 6.0 ಹತ್ತಲೇ ಇಲ್ಲ. 6.1 ಹತ್ತಿತು, ಆದರೆ ಎಳೆದು ತೆಗೆಯುವಾಗ ಶಾಫ್ಟೇ ಕಿತ್ತು ಬರೋ ಹಾಗಿತ್ತು. 6.4 ಗಡಗಡ ಅಲ್ಲಾಡಿತು. 6.2 ಹೆಬ್ಬೆರಳಲ್ಲಿ ಒತ್ತಿದರೆ ಕೂತುಕೊಂಡಿತು.

ತೂತಿನ ಬಾಯಿಯ ಕಡೆ ಒಂದು ತೊಂದರೆ ಇದೆ. ಮೊದಲ ಪದರವನ್ನು, ಕರಗಿದ ಪ್ಲಾಸ್ಟಿಕ್ ಬಿಡೋ ನಾಜಲ್ ಕೆಳಗಿನ ಬೆಡ್ಡಿಗೆ ಒತ್ತಿ ಹಾಕುತ್ತೆ, ಪ್ಲಾಸ್ಟಿಕ್ ಪಕ್ಕಕ್ಕೆ ಹರಡಿ ಬಾಯಿ ಮಾತ್ರ ಇನ್ನೂ ಬಿಗಿ ಆಗುತ್ತೆ. ಬ್ಲೇಡಿನಲ್ಲಿ ಒಳ ಅಂಚನ್ನು ಸುತ್ತಲೂ ಹೆರೆದರೆ ಸಾಕು.

ಗುರುವಾರ

ರಿಪೇರಿ ಅಂಗಡಿಯ ಅಣ್ಣ ಇದೇ ಥರದ ಶಾಫ್ಟ್ ಇರೋ ಕೆಟ್ಟ ಸ್ವಿಚ್ಚೊಂದನ್ನು ಕೊಟ್ಟರು. ಎರಡು ನಾಬ್ ಪ್ರಿಂಟ್ ಮಾಡಿದೆ, ಒಂದು ನೇರ ಕೂರಿಸಿ, ಇನ್ನೊಂದು ಪಕ್ಕಕ್ಕೆ ಮಲಗಿಸಿ. ಸ್ವಿಚ್ಚನ್ನು ವೈಸ್‌ನಲ್ಲಿ ಕಚ್ಚಿಸಿ, ಎರಡನ್ನೂ 3ರ ಆಚೆಗೆ ಜೋರಾಗಿ ತಿರುಗಿಸಿದೆ. ಮಲಗಿಸಿದ್ದು ಟಕ್ ಅಂತ ಸೀಳಿತು. ಸೀಳು ಪದರದ ಗೆರೆ ಹಿಡಿದು ಸೀದಾ ಹೋಗಿತ್ತು, ಎರಡೂ ಹೋಳು ಒಳಗೆ ನುಣ್ಣಗೆ. ನೇರ ಕೂರಿಸಿದ್ದಕ್ಕೆ ಏನೂ ಆಗಲಿಲ್ಲ. ಅದರಲ್ಲಿ ಎಳೆಗಳು ತೂತನ್ನು ಸುತ್ತಿಕೊಂಡೇ ಓಡುತ್ತವೆ. ಶಾಫ್ಟ್ ಅಗಲಿಸೋಕೆ ನೋಡಿದರೆ ಎಳೆ ತುಂಡಾಗಬೇಕು, ಬರೀ ಅಂಟು ಬಿಟ್ಟರೆ ಸಾಲದು. ಗೋಡೆ ಐದು ಸುತ್ತು ಕೊಟ್ಟಿದ್ದೇನೆ.

ಅಲ್ಲೇ ಇದ್ದ ಒಬ್ಬರು, "ಹಂಗಾದ್ರೆ ನಮ್ಮನೆ ಮಿಕ್ಸಿ ಕಪ್ಲರ್ರೂ ಮಾಡ್ಕೊಡಪ್ಪ" ಅಂದರು. ನಾನು ಬಾಯಿ ತೆರೆಯೋ ಮೊದಲೇ ಅಣ್ಣ ತಡೆದರು. "ಅದು ಬೇಡ ಸಾರ್. ನಾಬ್ ಕೈಲಿ ತಿರುಗೋದು, ಕಪ್ಲರ್ ಮೋಟರಲ್ಲಿ ತಿರುಗೋದು."

ಅವರು ಹೇಳಿದ್ದು ನಿಜ. ಮಿಕ್ಸಿ ಮೋಟರ್ ನಿಮಿಷಕ್ಕೆ ಸುಮಾರು 18,000 ಸುತ್ತು ಓಡುತ್ತೆ. ಪ್ರಿಂಟ್ ಮಾಡಿದ ಕಪ್ಲರ್ ಕೂದಲೆಳೆ ಓರೆ ಇದ್ದರೂ ಇಡೀ ಮಿಕ್ಸಿ ನಡುಗುತ್ತೆ, ಬಿಸಿ ಏರಿದರೆ ಹಲ್ಲು ಮೆತ್ತಗಾಗುತ್ತೆ. ಜಾರ್ ಸಿಕ್ಕಿಕೊಂಡಾಗ ಮೋಟರ್ ಸುಡದೆ ಇರಲಿ ಅಂತಲೇ ಅಂಗಡಿ ಕಪ್ಲರಿನ ಹಲ್ಲು ಮೊದಲು ಸವೆಯೋ ಹಾಗೆ ಇರುತ್ತೆ. ಅಂಗಡಿಯಲ್ಲಿ ಅದು ಅಗ್ಗಕ್ಕೇ ಸಿಗುತ್ತೆ, ಸುಮ್ನೆ ತಗೊಂಡು ಹಾಕೋದು ಮೇಲು. ಅವರಿಗೂ ಅಣ್ಣ ಒಂದು ಕಪ್ಲರ್ ಮಾರಿದರು ಬಿಡಿ.

ಶನಿವಾರ

ಪರೀಕ್ಷೆಗೆಲ್ಲ ಪಿಎಲ್ಎ ಅನ್ನೋ ಪ್ಲಾಸ್ಟಿಕ್ ಬಳಸಿದ್ದೆ. ಅದು 60 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ. ಅಜ್ಜಿಯ ಮಿಕ್ಸಿ ಇರೋದು ಒಲೆ ಪಕ್ಕದ ಕಟ್ಟೆ ಮೇಲೆ. ಬಿಸಿ ಬಾಣಲೆ ಇಳಿಸಿ ಪಕ್ಕದಲ್ಲೇ ಇಡುತ್ತಾಳೆ. ಅದಕ್ಕೆ ಕೊನೆಯ ನಾಬ್ ಪಿಇಟಿಜಿ ಅನ್ನೋ ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ. ಅದು 80ರ ಹತ್ತಿರದವರೆಗೂ ತಡೆಯುತ್ತೆ, ಬಿಗಿ ಹಿಡಿದಲ್ಲಿ ಬಿರುಕು ಬಿಡೋದೂ ಕಮ್ಮಿ.

ಲ್ಯಾಬಿನ ಪಿಇಟಿಜಿ ರೀಲ್ ಮಳೆಗಾಲದ ತೇವ ಕುಡಿದಿತ್ತು. ನಾಜಲಿನಿಂದ ಸಾಸಿವೆ ಸಿಡಿದ ಹಾಗೆ ಚಿಟಚಿಟ ಸದ್ದು, ನಾಬಿನ ತುಂಬ ಕೂದಲಿನಂಥ ಎಳೆ. ರೀಲನ್ನು ಪ್ರಿಂಟರಿನ ಬೆಡ್ ಮೇಲೇ ಇಟ್ಟು, ರಟ್ಟಿನ ಪೆಟ್ಟಿಗೆ ಕವುಚಿ, 65 ಡಿಗ್ರಿಯಲ್ಲಿ ಬಿಟ್ಟೆವು. ಪೆಟ್ಟಿಗೆಗೆ ಮೇಲೆ ಒಂದು ತೂತು ಇರಬೇಕು, ಇಲ್ಲದಿದ್ದರೆ ಆವಿ ಹೋಗೋದೆಲ್ಲಿಗೆ? ಸಂಜೆ ಹೊತ್ತಿಗೆ ಸದ್ದು ನಿಂತಿತು. ನಾಜಲ್ 240, ಬೆಡ್ 75. ನೀಟಾಗಿ ಬಂತು.

ಭಾನುವಾರ

ಹಾಕಿ ಆಯಿತು. ಹಿಂಬದಿ ಮಿಕ್ಸಿಯ ಮೈಗೆ ತಾಗದ ಹಾಗೆ ಒಂದು ಮಿ.ಮೀ. ಬಿಟ್ಟು ಕೂತಿದೆ. ತಾಗಿದ್ದರೆ ಎಡಕ್ಕೆ ತಿರುಗಿಸಿ ಬಿಟ್ಟಾಗ ಪಲ್ಸ್ ತಾನಾಗಿ 0ಗೆ ವಾಪಸ್ ಬರಲ್ಲ. ಸ್ಪ್ರಿಂಗಿಗೆ ಅಷ್ಟು ಶಕ್ತಿ ಇಲ್ಲ. ಮೊದಲು ಜಾರ್ ಇಡದೆ, ಪ್ಲಗ್ ಹಾಕದೆ ಎಲ್ಲ ಕಡೆ ತಿರುಗಿಸಿ ನೋಡಿದೆ. ಆಮೇಲೆ ಅಜ್ಜಿ ಕಾಯಿ, ಹುರಿಗಡಲೆ ಹಾಕಿ ಓಡಿಸಿದಳು.

"ಚೆನ್ನಾಗದೆ. ಆದ್ರೆ ಈ ಗೆರೆ ಒಳಗೆ ಹಿಟ್ಟು ಕೂತ್ಕೊತದೆ ನೋಡು" ಅಂತ ಉಗುರಲ್ಲಿ ಕೆರೆದು ತೋರಿಸಿದಳು. ಪದರದ ಸಂದು. ನಾಬ್ ಕಿತ್ತು, ಹಿಡಿಯ ಬದಿಗಳನ್ನು 220, ಆಮೇಲೆ 400 ನಂಬರ್ ಪಾಲಿಶ್ ಪೇಪರಿನಲ್ಲಿ ನೀರು ಹಾಕಿ ತಿಕ್ಕಿದೆ. ಪೂರ್ತಿ ಹೋಗಿಲ್ಲ, ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಈಗ ಬಿಟ್ಟುಕೊಳ್ಳುತ್ತೆ. ಆಹಾರಕ್ಕೆ ತಾಗೋ ಭಾಗ ಆಗಿದ್ದರೆ ಇಷ್ಟಕ್ಕೆ ಬಿಡುತ್ತಿರಲಿಲ್ಲ. ಜಾರಿನ ಮುಚ್ಚಳ ಪ್ರಿಂಟ್ ಮಾಡಿಕೊಡು ಅಂತ ಅತ್ತೆ ಕೇಳಿದ್ದಕ್ಕೆ ಆಗಲ್ಲ ಅಂದದ್ದು ಇದಕ್ಕೇ.

ಎದುರು ಮನೆಯವರ ಮಿಕ್ಸಿಗೂ ನಾಬ್ ಬೇಕಂತೆ. ಹೋಗಿ ನೋಡಿದೆ. ಅದರ ಶಾಫ್ಟಿನಲ್ಲಿ ಚಪ್ಪಟೆ ಇಲ್ಲ, ಸುತ್ತಲೂ ಸಣ್ಣ ಹಲ್ಲು ಇದೆ. d, flat ಬದಲಿಸಿದರೆ ಅಲ್ಲಿ ಕೆಲಸ ಆಗಲ್ಲ. ಹಲ್ಲು ಎಣಿಸಿಕೊಂಡು ಬಂದಿದ್ದೇನೆ, ಮುಂದಿನ ವಾರ ಅದರದ್ದು.