ಸ್ಟಾಕ್ ಕಮ್ಮಿ ಬಂದರೆ ಕಳ್ಳನನ್ನು ಕೊನೆಗೆ ಹುಡುಕಿ

ತುಮಕೂರಿನ ಒಂದು ಸೂಪರ್ ಮಾರ್ಕೆಟ್‌ನಲ್ಲಿ ನಾನು ಸ್ಟಾಕ್ ನೋಡಿಕೊಳ್ಳುತ್ತೇನೆ. ಒಂದು ವರ್ಷ ಮಾರ್ಚ್ ಕೊನೆಯ ಎಣಿಕೆಯಲ್ಲಿ ಕಮ್ಮಿ ಬಂದ ಐಟಂಗಳನ್ನೆಲ್ಲ ಕೂಡಿದರೆ 71 ಸಾವಿರ ರೂಪಾಯಿ ಆಯಿತು. ಓನರ್ ಪಟ್ಟಿ ನೋಡಿ, "ಇನ್ನೂ ನಾಲ್ಕು ಕ್ಯಾಮೆರಾ ಹಾಕ್ಸಿ" ಅಂದರು.

ಕ್ಯಾಮೆರಾಗೆ ಮೊದಲು ಇನ್ನೊಂದು ಪಟ್ಟಿ ತೆಗೆದೆವು, ಜಾಸ್ತಿ ಬಂದ ಐಟಂಗಳದ್ದು. ಅದು 23 ಸಾವಿರ ಇತ್ತು. ಅಂಗಡಿಗೆ ಯಾರೂ ಸುಮ್ನೆ ಮಾಲು ತಂದು ಇಡುವುದಿಲ್ಲ ಅಲ್ವಾ? ಹಾಗಾಗಿ ಜಾಸ್ತಿ ಬಂದದ್ದು ಹೆಚ್ಚುಕಮ್ಮಿ ಎಲ್ಲಾ ಬರಹದ ತಪ್ಪೇ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟರೆ ಜೋಡಿಗಳು ಕಾಣುತ್ತವೆ. ಒಂದು ಲೀಟರ್ ಎಣ್ಣೆ ಪ್ಯಾಕೆಟ್ ಹಳೆ ಎಂಆರ್‌ಪಿಯಲ್ಲಿ 22 ಕಮ್ಮಿ, ಹೊಸ ಎಂಆರ್‌ಪಿಯಲ್ಲಿ 22 ಜಾಸ್ತಿ. ಸ್ಕ್ಯಾನ್ ಮಾಡಿದಾಗ ಎರಡು ರೇಟ್ ಬಂದರೆ ಕ್ಯಾಷಿಯರ್ ಮೇಲಿನದನ್ನೇ ಒತ್ತಿದ್ದಾರೆ, ಅಷ್ಟೇ. ಸೋಪಿನದ್ದೂ ಇದೇ ಕಥೆ. ಗಿರಾಕಿ ಒಂದೇ ಬೆಲೆಯ ಎರಡು ಬಗೆಯಲ್ಲಿ ಎರಡೆರಡು ತಂದರೆ, ಒಂದನ್ನು ಸ್ಕ್ಯಾನ್ ಮಾಡಿ ನಾಲ್ಕು ಅಂತ ಹೊಡೆಯುತ್ತಾರೆ.

ಜೋಡಿಗಳು ಹೋದ ಮೇಲೆ ಉಳಿದದ್ದು 48 ಸಾವಿರ. ಅದರಲ್ಲೂ 9 ಸಾವಿರ ಬರೀ ಕಾಗದದ್ದು. ಎಕ್ಸ್‌ಪೈರಿ ಮಾಲನ್ನು ಡಿಸ್ಟ್ರಿಬ್ಯೂಟರ್ ಗಾಡಿಯವರು ಚೀಟಿ ಬರೆದುಕೊಟ್ಟು ವಾಪಸ್ ಒಯ್ದಿದ್ದರು. ಕ್ರೆಡಿಟ್ ನೋಟ್ ಬಂದ ಮೇಲೆ ಎಂಟ್ರಿ ಮಾಡೋಣ ಅಂತ ಆ ಚೀಟಿಗಳು ಫೈಲಿನಲ್ಲೇ ಕೂತಿದ್ದವು. ಮಾಲು ಹೋಗಿದೆ, ಕಂಪ್ಯೂಟರಿಗೆ ಗೊತ್ತಿಲ್ಲ.

ಆಮೇಲೆ ಸಿಕ್ಕಿದ್ದೇ ದೊಡ್ಡ ಮೀನು. ಒಬ್ಬನೇ ಡಿಸ್ಟ್ರಿಬ್ಯೂಟರಿನ ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಎಲ್ಲವೂ 12, 24, 36 ಹೀಗೆ ಕಮ್ಮಿ ಇದ್ದವು. ಕೇಸ್‌ಗೆ 12 ಪೀಸ್. ಶೆಲ್ಫಿನಿಂದ ಕದಿಯುವವನು ಡಜನ್ ಲೆಕ್ಕದಲ್ಲಿ ಕದಿಯುವುದಿಲ್ಲ. ಆದರೆ ಗೋದಾಮಿನ ಹಿಂಬಾಗಿಲಿನಿಂದಲೂ ಇಡೀ ಕೇಸ್ ಹೋಗಬಹುದು, ಆದ್ದರಿಂದ ಪರೀಕ್ಷೆ ಮಾಡದೆ ಯಾರ ಮೇಲೂ ಹೇಳುವಂತಿಲ್ಲ. ಗಾಡಿ ಬರುತ್ತಿದ್ದದ್ದು ಶನಿವಾರ ಸಂಜೆ, ಗಿರಾಕಿಗಳು ತುಂಬಿರುವ ಹೊತ್ತು. ಹುಡುಗರು ಬಿಲ್ ಕೈಯಲ್ಲಿ ಹಿಡಿದು ಕೇಸ್ ನೋಡುತ್ತಿದ್ದರು. ಬಿಲ್ಲಿನಲ್ಲಿ 15 ಅಂತ ಇದ್ದರೆ ಕಣ್ಣಿಗೂ 15 ಅಂತಲೇ ಕಾಣುತ್ತದೆ. ಅದಕ್ಕೆ ಬಿಲ್ ಕೊಡುವುದನ್ನೇ ನಿಲ್ಲಿಸಿದೆವು. ಐಟಂ ಹೆಸರು ಮಾತ್ರ ಇರುವ ಖಾಲಿ ಹಾಳೆ ಕೊಟ್ಟು, ಎಣಿಸಿ ಬರೆಯಲು ಹೇಳಿದೆವು. ಆಮೇಲೆ ಬಿಲ್ ಜೊತೆ ತಾಳೆ. ಮಾಲು ಗೋದಾಮಿನೊಳಗೆ ಹೋಗುವ ಮೊದಲೇ ಎರಡು ಬಿಲ್ಲಿನಲ್ಲಿ ಒಂದೊಂದು ಕೇಸ್ ಕಮ್ಮಿ ಸಿಕ್ಕಿತು. ಅಲ್ಲಿಗೆ ಹಿಂಬಾಗಿಲ ಅನುಮಾನ ಬಹಳಷ್ಟು ಕಳೆಯಿತು.

ಈ ಡಿಸ್ಟ್ರಿಬ್ಯೂಟರ್ ಹಿಂದೆ ಕಮ್ಮಿ ಕೊಟ್ಟ ಕೇಸ್‌ಗಳ ಲೆಕ್ಕ 14 ಸಾವಿರ ಆಯಿತು, ಅದು ಮಾತ್ರ ವಾಪಸ್ ಬರಲಿಲ್ಲ. "ಸೈನ್ ಹಾಕಿ ಸೀಲ್ ಹೊಡೆದಿದ್ದೀರಲ್ಲ ಸಾರ್" ಅಂದರು ಆ ಕಡೆಯವರು. ಮಾತು ಸರಿಯೇ. ಈಗ ಕಮ್ಮಿ ಇದ್ದರೆ ಬಿಲ್ಲಿನ ಮೇಲೇ ಬರೆದು ಡ್ರೈವರ್ ಕೈಲಿ ಅಲ್ಲೇ ಸೈನ್ ಹಾಕಿಸುತ್ತೇವೆ. ಆ ಸೈನ್ ಇದ್ದರೆ ಡೆಬಿಟ್ ನೋಟ್‌ಗೆ ಯಾರೂ ತಕರಾರು ಮಾಡುವುದಿಲ್ಲ.

ಡ್ಯಾಮೇಜ್ ಲೆಕ್ಕ ಸುಲಭ. ಒಡೆದ ಪ್ಯಾಕೆಟ್, ಇಲಿ ಕಚ್ಚಿದ ಬಿಸ್ಕತ್ತು, ಹುಳ ಬಿದ್ದ ರವೆ, ಇವೆಲ್ಲ ಕಣ್ಣೆದುರೇ ಇರುತ್ತವೆ. ಆದರೆ ಬೈಗುಳಕ್ಕೆ ಹೆದರಿ ಹುಡುಗರು ಸೀದಾ ಕಸಕ್ಕೆ ಹಾಕುತ್ತಾರೆ. ಗೋದಾಮಿನಲ್ಲಿ ಒಂದು ಕ್ರೇಟ್ ಇಟ್ಟು, ಇದರೊಳಗೆ ಹಾಕಿದ್ದಕ್ಕೆ ಯಾರನ್ನೂ ಕೇಳುವುದಿಲ್ಲ ಅಂದೆವು. ಆ ತಿಂಗಳು ಡ್ಯಾಮೇಜ್ ಒಮ್ಮೆಗೇ ಏರಿದಂತೆ ಕಂಡಿತು. ನಿಜಕ್ಕೂ ಏರಿದ್ದಲ್ಲ, ಬರಹಕ್ಕೆ ಬಂದದ್ದು. ಅದರ ಆಧಾರದ ಮೇಲೆ ಹಿಂದಿನದಕ್ಕೆ 8 ಸಾವಿರ ಅಂತ ಅಂದಾಜು ಹಾಕಿದೆ.

ಉಳಿದದ್ದು 17 ಸಾವಿರ. ಇದನ್ನೂ ಪೂರ್ತಿ ಕಳ್ಳತನ ಅಂತ ನಾನು ಬರೆಯಲಿಲ್ಲ. ಕಳ್ಳತನದ ಗುರುತು ಬೇರೆ ಇದೆ: ಚಿಕ್ಕದು, ದುಬಾರಿ, ಜೇಬಿಗೆ ಹಿಡಿಯುವಂಥದ್ದು. ಶೇವಿಂಗ್ ಬ್ಲೇಡ್ ಕಾರ್ಟ್ರಿಜ್, ಡಿಯೋಡ್ರೆಂಟ್, ಬಾದಾಮಿ, ದೊಡ್ಡ ಚಾಕೊಲೇಟ್. ಕಮ್ಮಿ ಬರುವುದು ಒಂದು, ಮೂರು ಹೀಗೆ, ಜೋಡಿ ಐಟಂ ಎಲ್ಲೂ ಜಾಸ್ತಿ ಇರುವುದಿಲ್ಲ. ಶೆಲ್ಫಿನ ಹಿಂದೆ ಖಾಲಿ ಡಬ್ಬಿ ಸಿಕ್ಕರೆ ಅನುಮಾನವೇ ಇಲ್ಲ. ಇಂಥ ಐಟಂಗಳನ್ನು ವಾರಕ್ಕೊಮ್ಮೆ ಎಣಿಸಲು ಶುರು ಮಾಡಿದೆವು. ಇವುಗಳ ಪಾಲು ಸುಮಾರು 11 ಸಾವಿರ ಇತ್ತು. ಮಿಕ್ಕ 6 ಸಾವಿರದ ಮುಂದೆ "ಕಾರಣ ತಿಳಿದಿಲ್ಲ" ಅಂತ ಬರೆದೆ.

ಓನರಿಗೆ ಇದು ತಲೆಹರಟೆ ಅನ್ನಿಸಿತು, ಆಡಿಟರ್ ಬಂದು ವಿವರಿಸುವ ತನಕ. ಜಿಎಸ್‌ಟಿ ಕಾನೂನಿನ 17(5)(h) ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಮಾಲಿನ ಮೇಲೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿ ಮಾಡುವಾಗ ಕಟ್ಟಿದ ತೆರಿಗೆಯ ವಜಾ, ಇಟ್ಟುಕೊಳ್ಳುವಂತಿಲ್ಲ, ತೆಗೆದುಕೊಂಡಿದ್ದರೆ ವಾಪಸ್ ಮಾಡಬೇಕು. ಡ್ಯಾಮೇಜ್, ಕಳ್ಳತನ, ಕಾರಣ ತಿಳಿಯದ್ದು, ಮೂರೂ ಇದರೊಳಗೇ ಬಂದವು. ಬಾರದೇ ಇದ್ದ ಮಾಲಿಗೆ ಕ್ರೆಡಿಟ್ ಮೊದಲೇ ಇಲ್ಲ, ಹಾಗಾಗಿ ಆ 14 ಸಾವಿರದ ಮೇಲಿನದ್ದೂ ವಾಪಸ್ ಹೋಯಿತು. ಬಿಲ್ಲಿಂಗ್‌ನಲ್ಲಿ ತಪ್ಪು ಒತ್ತಿದ ಎಣ್ಣೆ, ಸೋಪುಗಳಿಗೆ ಮಾತ್ರ ಏನೂ ಕಟ್ಟಬೇಕಾಗಲಿಲ್ಲ, ಮಾಲು ಅಂಗಡಿಯಲ್ಲೇ ಇತ್ತಲ್ಲ. 71 ಸಾವಿರವನ್ನೂ ಕಳ್ಳತನ ಅಂತ ಬರೆದಿದ್ದರೆ ಅದಕ್ಕೂ ತೆರಿಗೆ ಕಟ್ಟುತ್ತಿದ್ದೆವು.