ಬ್ಯಾಕಪ್ ಲಾಗ್: ಲ್ಯಾಪ್‌ಟಾಪೂ ಇಲ್ಲ, ಫೋನೂ ಇಲ್ಲ ಅಂದರೆ?

ಜೂನ್ 8

ಮೈಸೂರಿನಲ್ಲಿ ಕೂತು ಸಣ್ಣ ಪ್ರಕಾಶಕರಿಗೆ ಪುಸ್ತಕದ ಪುಟವಿನ್ಯಾಸ ಮಾಡಿಕೊಡುತ್ತೇನೆ. ಒಬ್ಬಳೇ. ಇಲ್ಲಿಯವರೆಗಿನ ಎಲ್ಲ ಕೆಲಸ `D:\Kelasa` ಫೋಲ್ಡರ್‌ನಲ್ಲಿದೆ, ಒಟ್ಟು 68 ಜಿಬಿ. ಅದು ಕ್ಲೌಡ್‌ಗೆ ತಾನಾಗೇ ಸಿಂಕ್ ಆಗುತ್ತಿತ್ತು. ಅದನ್ನೇ ಬ್ಯಾಕಪ್ ಅಂದುಕೊಂಡಿದ್ದೆ.

ಹೋದ ವಾರ ಒಬ್ಬ ಲೇಖಕರು ತಮ್ಮ ಕಥಾಸಂಕಲನದ ಎರಡನೇ ಮುದ್ರಣಕ್ಕೆ ಫೈಲ್ ಕೇಳಿದರು. ಹುಡುಕಿದರೆ ಫೋಲ್ಡರ್ರೇ ಇಲ್ಲ. ಜಾಗ ಖಾಲಿ ಮಾಡುವಾಗ ನಾನೇ ಅಳಿಸಿದ್ದೆ, ಅದಾಗಿ 40 ದಿನ. ಇಲ್ಲಿ ಅಳಿಸಿದ್ದನ್ನು ಸಿಂಕ್ ಅಲ್ಲೂ ಅಳಿಸಿತ್ತು. ಕ್ಲೌಡ್‌ನ ಕಸದ ಬುಟ್ಟಿ 30 ದಿನಕ್ಕೆ ಖಾಲಿಯಾಗಿತ್ತು. ಕೊನೆಗೆ ಪಿಡಿಎಫ್ ನೋಡಿಕೊಂಡು 212 ಪುಟ ಮತ್ತೆ ಕಟ್ಟಿದೆ. ಸಿಂಕ್ ಅನ್ನುವುದು ಕನ್ನಡಿ. ಮುಂದೆ ಏನಿದೆಯೋ ಅದನ್ನು ಮಾತ್ರ ತೋರಿಸುತ್ತದೆ. ನನಗೆ ಬೇಕಿದ್ದದ್ದು ನಿನ್ನೆಯ, ಹೋದ ತಿಂಗಳ ಪ್ರತಿ.

ಜೂನ್ 15

ರೆಸ್ಟಿಕ್ ಹಾಕಿದೆ. ಉಚಿತ, ಕಪ್ಪು ಪರದೆಯಲ್ಲಿ ಕಮಾಂಡ್ ಬರೆದು ನಡೆಸುವ ತಂತ್ರಾಂಶ. ಪ್ರತಿ ಸಲ ಓಡಿಸಿದಾಗಲೂ ಆ ಕ್ಷಣದ ಇಡೀ ಫೋಲ್ಡರ್‌ನ ಒಂದು ಚಿತ್ರ ಉಳಿಯುತ್ತದೆ. ಬದಲಾದ ತುಣುಕುಗಳನ್ನಷ್ಟೇ ಹೊಸದಾಗಿ ಬರೆಯುವುದರಿಂದ ಜಾಗ ಜಾಸ್ತಿ ತಿನ್ನುವುದಿಲ್ಲ. ಎಲ್ಲವನ್ನೂ ಪಾಸ್‌ವರ್ಡ್‌ನಿಂದ ಬೀಗ ಹಾಕಿಯೇ ಇಡುತ್ತದೆ. ಆ ಪಾಸ್‌ವರ್ಡ್ ಮರೆತರೆ ಬಿಡಿಸಿಕೊಡುವವರು ಯಾರೂ ಇಲ್ಲ.

```
restic -r E:\bk init
restic -r E:\bk backup D:\Kelasa
restic -r E:\bk forget --keep-daily 7 --keep-weekly 5 --keep-monthly 12 --prune
```

ಮೂರನೆಯ ಸಾಲು ನನ್ನ 40 ದಿನದ ಪಾಠ. ಏಳು ದಿನದ, ಐದು ವಾರದ, ಹನ್ನೆರಡು ತಿಂಗಳ ಪ್ರತಿ ಉಳಿಸಿಕೊಂಡು ಮಿಕ್ಕಿದ್ದನ್ನು ತೆಗೆಯುತ್ತದೆ. `E:` ಅಂದರೆ ಹೊರಗಿನ ಹಾರ್ಡ್ ಡಿಸ್ಕ್. ಕೆಲಸ ಮುಗಿದ ಮೇಲೆ ಕಿತ್ತು ಬೀರುವಿನಲ್ಲಿಡುತ್ತೇನೆ. ಸದಾ ಚುಚ್ಚಿಕೊಂಡೇ ಇದ್ದರೆ, ಲ್ಯಾಪ್‌ಟಾಪಿಗೆ ಬಂದ ವೈರಸ್ ಅದನ್ನೂ ಹಾಳು ಮಾಡುತ್ತದೆ.

ಎರಡನೇ ಪ್ರತಿ ಗೂಗಲ್ ಡ್ರೈವ್‌ಗೆ, ಕ್ಲೌಡ್‌ಗೆ ಫೈಲ್ ಸಾಗಿಸುವ ಆರ್‌ಕ್ಲೋನ್ ಅನ್ನುವ ತಂತ್ರಾಂಶದ ಮೂಲಕ. ಉಚಿತದ 15 ಜಿಬಿ ಸಾಲದು, 100 ಜಿಬಿ ಪ್ಲಾನ್ ತಗೊಂಡೆ. ಅಪ್‌ಲೋಡ್ ವೇಗ 10 ಎಂಬಿಪಿಎಸ್, ಲೆಕ್ಕಕ್ಕೆ 15 ಗಂಟೆ. ಎರಡು ರಾತ್ರಿ ಹಿಡಿಯಿತು. ಈಗ ದಿನದ ಬ್ಯಾಕಪ್ ಹೆಚ್ಚೆಂದರೆ ಐದು ನಿಮಿಷ.

ಜೂನ್ 29

ಈ ವಾರ ಖಾತೆಗಳು. ನಾಲ್ಕು ಜಾಗದಲ್ಲಿ ಒಂದೇ ಪಾಸ್‌ವರ್ಡ್ ಇತ್ತು, ಕೊನೆಗೆ ಒಂದು ಅಂಕಿ ಮಾತ್ರ ಬೇರೆ. ಒಂದು ಜಾಗದಿಂದ ಸೋರಿದರೆ ಸಾಕು, ಕಳ್ಳರು ಅದನ್ನೇ ಮಿಕ್ಕ ಕಡೆಯೆಲ್ಲ ತೂರಿಸಿ ನೋಡುತ್ತಾರೆ. ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿದ ಒಂದೇ ಫೈಲ್‌ನಲ್ಲಿಡುವ ತಂತ್ರಾಂಶ ಕೀಪಾಸ್‌ಎಕ್ಸ್‌ಸಿ. ಈಗ ಎಲ್ಲವೂ ಅದು ಹುಟ್ಟಿಸಿದ 20 ಅಕ್ಷರದವು. ನಾನು ಒಂದನ್ನೂ ನೋಡಿಲ್ಲ, ನೋಡಬೇಕಾಗಿಯೂ ಇಲ್ಲ.

ಕೀಪಾಸ್‌ಎಕ್ಸ್‌ಸಿ ತೆರೆಯಲು ಬೇಕಾದ ಒಂದನ್ನು ಮಾತ್ರ ತಲೆಯಲ್ಲಿಟ್ಟುಕೊಳ್ಳಬೇಕು. ಇಷ್ಟದ ಹಾಡಿನ ಸಾಲು, ಮಗಳ ಹೆಸರು ಬೇಡ. ಮನಸ್ಸಿಗೆ ತಾನಾಗಿ ಹೊಳೆದದ್ದು ಬೇರೆಯವರಿಗೂ ಹೊಳೆಯುತ್ತದೆ. ದಾಳ ಹಾಕಿದೆ. ಐದು ಸಲ ಉರುಳಿಸಿದರೆ ಐದಂಕಿಯ ಒಂದು ಸಂಖ್ಯೆ. ಡೈಸ್‌ವೇರ್ ಪಟ್ಟಿಯಲ್ಲಿ ಅದರ ಎದುರಿಗೆ ಒಂದು ಪದ ಇರುತ್ತದೆ. ಪಟ್ಟಿಯಲ್ಲಿ ಒಟ್ಟು 7,776 ಪದ. ಹೀಗೆ ಆರು ಪದ ತೆಗೆದೆ. ಕನ್ನಡ ಲಿಪಿಯಲ್ಲಿ ಇಡೋಣ ಅಂತ ಆಸೆಯಿತ್ತು. ಆದರೆ ಬೇರೆ ಕಂಪ್ಯೂಟರ್‌ನಲ್ಲಿ ಕನ್ನಡ ಕೀಲಿಮಣೆ ಇಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ, ಬಿಟ್ಟೆ.

ಆಮೇಲೆ ಎರಡು ಹಂತದ ಲಾಗಿನ್. ಎಸ್‌ಎಂಎಸ್ ಬದಲು ಫೋನಿನಲ್ಲಿ ಏಜಿಸ್ ಆ್ಯಪ್. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವಾಗ ಒಂದು ಗುಟ್ಟಿನ ಸಂಖ್ಯೆ ಫೋನಿಗೆ ಬರುತ್ತದೆ. ಆ ಗುಟ್ಟನ್ನೂ ಗಡಿಯಾರವನ್ನೂ ಸೇರಿಸಿ 30 ಸೆಕೆಂಡಿಗೊಂದು ಆರಂಕಿ ಕೋಡ್ ಲೆಕ್ಕ ಹಾಕುತ್ತದೆ. ನೆಟ್‌ವರ್ಕ್ ಬೇಡ, ಸಿಮ್ ಬೇಡ. ಹಾಗಾಗಿ ನನ್ನ ನಂಬರಿನ ಹೆಸರಲ್ಲಿ ಯಾರೋ ಬೇರೆ ಸಿಮ್ ತೆಗೆದರೂ ಕೋಡ್ ಅವರಿಗೆ ಹೋಗುವುದಿಲ್ಲ. ಸರಿಯಾದ ಕೋಡೇ ತಪ್ಪು ಅಂತ ಬಂದರೆ ಮೊದಲು ಫೋನಿನ ಸಮಯ ನೋಡಿ.

ಇದಕ್ಕೂ ಮಿತಿಯಿದೆ. ನಕಲಿ ಲಾಗಿನ್ ಪುಟದಲ್ಲಿ ನಾನೇ ಕೋಡ್ ಹಾಕಿದರೆ ಅವರು ಅದೇ ಕ್ಷಣ ಅದನ್ನು ಬಳಸಿಬಿಡುತ್ತಾರೆ. ಒಂದು ಸುಳಿವು ಇದೆ: ವಿಳಾಸ ಬೇರೆಯಾಗಿದ್ದರೆ ಬ್ರೌಸರ್‌ನಲ್ಲಿರುವ ಕೀಪಾಸ್‌ಎಕ್ಸ್‌ಸಿ ಪಾಸ್‌ವರ್ಡ್ ತುಂಬುವುದಿಲ್ಲ. ತುಂಬಲಿಲ್ಲ ಅಂತ ಕೈಯಲ್ಲಿ ಕಾಪಿ ಮಾಡಲು ಹೋಗದೆ, ಅಲ್ಲೇ ನಿಂತು ವಿಳಾಸ ಓದಬೇಕು.

ಜುಲೈ 6, ಮೊದಲ ತಾಲೀಮು

ನಿಯಮ ಇಷ್ಟೇ. ಬ್ಯಾಗ್ ಕಳುವಾಗಿದೆ, ಮನೆಯಲ್ಲಿದ್ದ ಡಿಸ್ಕೂ ಹೋಗಿದೆ. ಲ್ಯಾಪ್‌ಟಾಪ್ ಮುಚ್ಚಿಟ್ಟೆ, ಫೋನ್ ಆಫ್ ಮಾಡಿದೆ. ಎಲ್ಲ ಅಳಿಸಿದ ಹಳೇ ಲ್ಯಾಪ್‌ಟಾಪ್ ಒಂದನ್ನೇ ಇಟ್ಟುಕೊಂಡು ಒಂದು ಪುಸ್ತಕ ವಾಪಸ್ ತರಬೇಕು.

ನಾಲ್ಕು ನಿಮಿಷಕ್ಕೆ ಕತೆ ಮುಗಿಯಿತು. ಬ್ಯಾಕಪ್ ಇರುವುದು ಡ್ರೈವ್‌ನಲ್ಲಿ. ಡ್ರೈವ್‌ನ ಪಾಸ್‌ವರ್ಡ್ ಇರುವುದು ಕೀಪಾಸ್ ಫೈಲ್‌ನಲ್ಲಿ. ಕೀಪಾಸ್ ಫೈಲ್ ಇರುವುದು ಡ್ರೈವ್‌ನಲ್ಲಿ. ಅದನ್ನು ದಾಟಿದರೂ ಕೋಡ್ ಕೊಡುವ ಫೋನ್ ಇಲ್ಲ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗಾಗಿತ್ತು. ಬ್ಯಾಕಪ್ ಗಟ್ಟಿ, ಪಾಸ್‌ವರ್ಡ್ ಗಟ್ಟಿ, ಎರಡು ಹಂತವೂ ಗಟ್ಟಿ. ಎಲ್ಲ ಗಟ್ಟಿಯಾಗಿದ್ದದ್ದಕ್ಕೇ ನಾನೂ ಹೊರಗೆ!

ಜುಲೈ 13

ತುಮಕೂರಿನಲ್ಲಿರುವ ಅಕ್ಕನ ಮನೆಗೆ ಹೋಗಿ ಒಂದು ಲಕೋಟೆ ಕೊಟ್ಟು ಬಂದೆ. "ಇದನ್ನ ಸೀರೆ ಬೀರುವಲ್ಲಿ ಇಡಕ್ಕಾ. ನಾನೇ ಬಂದು ಕೇಳೋ ತನಕ ಯಾರಿಗೂ ಕೊಡಬೇಡ."

"ಫೋನ್ ಮಾಡಿ ಕೇಳಿದ್ರೆ?"

"ಫೋನಲ್ಲಿ ಕೇಳಿದ್ರೆ ನಾನಲ್ಲ ಅಂದ್ಕೋ."

ಒಳಗಿರುವುದು ಒಂದು ಪೆನ್‌ಡ್ರೈವ್, ಒಂದು ಹಾಳೆ. ಪೆನ್‌ಡ್ರೈವ್‌ನಲ್ಲಿ ಕೀಪಾಸ್ ಫೈಲ್ ಮತ್ತು ಏಜಿಸ್‌ನಿಂದ ಬೀಗ ಹಾಕಿಯೇ ಹೊರತೆಗೆದ ಪ್ರತಿ. ರೆಸ್ಟಿಕ್ ಪಾಸ್‌ವರ್ಡೂ, ಏಜಿಸ್ ಪ್ರತಿಯ ಪಾಸ್‌ವರ್ಡೂ ಕೀಪಾಸ್ ಒಳಗೇ ಇವೆ. ಹಾಳೆಯಲ್ಲಿ ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡ್. ಎಂಟೆಂಟು ಅಂಕಿಯವು, ಒಂದೊಂದು ಒಂದೇ ಸಲ ನಡೆಯುತ್ತದೆ. ಹೊಸ ಹತ್ತು ತೆಗೆದರೆ ಹಳೆಯ ಹತ್ತೂ ಸತ್ತವು, ಹಾಗಾಗಿ ಹಾಳೆಯ ಮೇಲೆ ತಾರೀಕು ಬರೆದೆ.

ಆರು ಪದಗಳನ್ನು ಮಾತ್ರ ಅಲ್ಲಿ ಇಟ್ಟಿಲ್ಲ. ಅವು ನನ್ನ ತಲೆಯಲ್ಲಿವೆ, ಇನ್ನೊಂದು ಚೀಟಿ ಮೈಸೂರಿನ ಮನೆಯಲ್ಲಿದೆ. ಲಕೋಟೆ ಕದ್ದವರಿಗೆ ಪದ ಸಿಗುವುದಿಲ್ಲ, ಚೀಟಿ ಕಂಡವರಿಗೆ ಫೈಲ್ ಸಿಗುವುದಿಲ್ಲ.

ಜುಲೈ 20, ಎರಡನೇ ತಾಲೀಮು

ಅಕ್ಕನ ಮನೆಯಲ್ಲೇ ಕೂತು ಮಾಡಿದೆ. ಪೆನ್‌ಡ್ರೈವ್‌ನಿಂದ ಕೀಪಾಸ್ ತೆರೆದೆ, ಗೂಗಲ್‌ಗೆ ಒಂದು ಬ್ಯಾಕಪ್ ಕೋಡ್ ಕೊಟ್ಟೆ, ಆರ್‌ಕ್ಲೋನ್ ಜೋಡಿಸಿದೆ. ಆಮೇಲೆ ಒಂದೇ ಪುಸ್ತಕ ಇಳಿಸಿದೆ:

```
restic -r rclone:gdrive:bk restore latest --include /D/Kelasa/kathe-12 --target C:\test
```

ಒಂದು ಗಂಟೆ ಹತ್ತು ನಿಮಿಷಕ್ಕೆ ಫೈಲ್ ಕೈಗೆ ಬಂತು. ನಾನು ಪುಟವಿನ್ಯಾಸ ಮಾಡುವ ಇನ್‌ಡಿಸೈನ್‌ನಲ್ಲಿ ತೆರೆದರೆ ಪುಟದ ತುಂಬ ಗುಲಾಬಿ ಬಣ್ಣ, ಅಂದರೆ ಫಾಂಟ್ ಸಿಕ್ಕಿಲ್ಲ ಅಂತ. "ಕನ್ನಡ" ಇರಬೇಕಾದ ಕಡೆ `PÀ£ÀßqÀ` ಅಂತಿತ್ತು. ಹಳೇ ನುಡಿ ಫಾಂಟ್‌ನ ಪುಸ್ತಕ ಅದು, ಯುನಿಕೋಡ್ ಅಲ್ಲ. ಆ ಫಾಂಟ್ ಇಲ್ಲದೆ ಅಕ್ಷರವೇ ಇಲ್ಲ. ಫಾಂಟ್ ಇದ್ದದ್ದು `C:\Windows\Fonts`ನಲ್ಲಿ. ನಾನು ಬ್ಯಾಕಪ್ ಮಾಡಿದ್ದು `D:\Kelasa` ಮಾತ್ರ. ಫೈಲ್ ಇಳಿದದ್ದು ನೋಡಿಯೇ ಸಾಕು ಅಂದುಕೊಂಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ.

ಜುಲೈ 27

ಇನ್ನು ಮೇಲೆ ಪುಸ್ತಕ ಮುದ್ರಣಕ್ಕೆ ಹೋದ ದಿನವೇ ಇನ್‌ಡಿಸೈನ್‌ನ Package ಒತ್ತುತ್ತೇನೆ. ಫಾಂಟ್, ಚಿತ್ರ ಎಲ್ಲ ಒಂದೇ ಫೋಲ್ಡರ್‌ಗೆ ಬರುತ್ತವೆ. ಸದ್ಯಕ್ಕೆ ಇರುವ ಫಾಂಟ್‌ಗಳನ್ನೆಲ್ಲ `D:\Kelasa\fonts`ಗೆ ನಕಲು ಮಾಡಿದೆ. ಕೆಲವು ಸಿಗಲಿಲ್ಲ. ನನ್ನ ಬಳಕೆದಾರ ಖಾತೆಗೆ ಮಾತ್ರ ಹಾಕಿಕೊಂಡಿದ್ದವು `%LOCALAPPDATA%\Microsoft\Windows\Fonts`ನಲ್ಲಿ ಕೂತಿದ್ದವು.

ಸಂಜೆ ಅದೇ ಪುಸ್ತಕವನ್ನು ಮತ್ತೆ ಇಳಿಸಿ ನೋಡಿದೆ. ಗುಲಾಬಿ ಇಲ್ಲ, 212 ಪುಟವೂ ಕನ್ನಡದಲ್ಲೇ ಇವೆ. ಪ್ಯಾಕೇಜ್ ಮಾಡಬೇಕಾದ ಹಳೇ ಪುಸ್ತಕ ಇನ್ನೂ 31 ಉಳಿದಿವೆ, ವಾರಕ್ಕೆ ನಾಲ್ಕು. ದೀಪಾವಳಿಗೆ ಅಕ್ಕನ ಮನೆಗೆ ಹೋಗುವಾಗ ಪೆನ್‌ಡ್ರೈವ್‌ನ ಕೀಪಾಸ್ ಫೈಲ್ ಹೊಸದು ಮಾಡಬೇಕು, ಬಳಸಿದ ಕೋಡ್ ಹೊಡೆದುಹಾಕಬೇಕು.