ಮೊಳಕಾಲ್ಮೂರಿನ ಇಪ್ಪತ್ತು ಸೀರೆ ಸಿಂಗಪುರಕ್ಕೆ: ಕಾಗದಪತ್ರಗಳ ಕೆಲಸ ಎಲ್ಲಿಗೆ ಬಂತು

ಆಗಸ್ಟ್

ಮೊಳಕಾಲ್ಮೂರಿನ ನೇಕಾರ ಕುಟುಂಬವೊಂದರ ರೇಷ್ಮೆ ಸೀರೆಗಳನ್ನು ಸಿಂಗಪುರದ ಅಂಗಡಿಯೊಂದಕ್ಕೆ ಕಳುಹಿಸುವ ಕೆಲಸ ಶುರುವಾಗಿದೆ. ಮೊದಲ ಕಂತು ಇಪ್ಪತ್ತು ಸೀರೆ. ನೆಂಟರಿಗೆ ಉಡುಗೊರೆ ಕಳುಹಿಸುವುದಾದರೆ ಆಮದು ರಫ್ತು ಸಂಕೇತ, ಅಂದರೆ ಐಇಸಿ, ಬೇಕಿರಲಿಲ್ಲ. ಆ ವಿನಾಯಿತಿ ಸ್ವಂತ ಬಳಕೆಯ ವಸ್ತುಗಳಿಗೆ ಮಾತ್ರ. ಇದು ವ್ಯಾಪಾರ, ಹಾಗಾಗಿ ಐಇಸಿ ಬೇಕೇ ಬೇಕು.

ಚಿತ್ರದುರ್ಗದ ಮನೆಯಲ್ಲೇ ಕುಳಿತು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ, ಅಂದರೆ ಡಿಜಿಎಫ್‌ಟಿಯ, ಜಾಲತಾಣದಲ್ಲಿ ಅರ್ಜಿ ತುಂಬಿದೆ. ಪ್ಯಾನ್, ವಿಳಾಸದ ದಾಖಲೆ, ಹೆಸರು ಅಚ್ಚಾಗಿರುವ ರದ್ದು ಮಾಡಿದ ಚೆಕ್, ಐನೂರು ರೂಪಾಯಿ ಶುಲ್ಕ, ಕೊನೆಗೆ ಆಧಾರ್ ಮೂಲಕ ಸಹಿ. ಬಂದ ಸಂಕೇತ ನನ್ನ ಪ್ಯಾನ್ ಸಂಖ್ಯೆಯೇ. ಜಿಎಸ್‌ಟಿ ಬಂದ ಮೇಲೆ ಹೊಸ ಐಇಸಿಗಳೆಲ್ಲ ಹೀಗೆಯೇ. ಇದಕ್ಕೆ ನವೀಕರಣ ಶುಲ್ಕವಿಲ್ಲ, ಆದರೆ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರಗಳನ್ನು ಜಾಲತಾಣದಲ್ಲಿ ದೃಢಪಡಿಸಬೇಕು. ಏನೂ ಬದಲಾಗದಿದ್ದರೂ ದೃಢಪಡಿಸಲೇಬೇಕು, ಇಲ್ಲದಿದ್ದರೆ ಸಂಕೇತ ನಿಷ್ಕ್ರಿಯವಾಗುತ್ತದೆ.

ಅರ್ಜಿ ತುಂಬುವ ಮೊದಲು ಒಂದು ಕೆಲಸ ಮಾಡಿದ್ದೆ, ಅದು ಮುಂದೆ ಬಹಳ ನೆರವಾಯಿತು. ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ ಮತ್ತು ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲಿಟ್ಟು ಹೆಸರಿನ ಅಕ್ಷರ ಅಕ್ಷರವನ್ನೂ ಹೋಲಿಸಿದೆ. ಪಾಸ್‌ಬುಕ್‌ನಲ್ಲಿ ತಂದೆಯ ಹೆಸರಿನ ಮೊದಲಕ್ಷರ ನನ್ನ ಹೆಸರಿಗಿಂತ ಮೊದಲಿತ್ತು, ಪ್ಯಾನ್‌ನಲ್ಲಿ ಕೊನೆಯಲ್ಲಿತ್ತು. ಬ್ಯಾಂಕ್‌ನಲ್ಲಿ ಅದನ್ನು ಸರಿಪಡಿಸಿಕೊಂಡ ಮೇಲೆಯೇ ಐಇಸಿಗೆ ಕೈ ಹಾಕಿದ್ದು.

ಸೆಪ್ಟೆಂಬರ್

ಐಇಸಿ ಬಂದರೆ ಸರಕು ಹೊರಡಬಹುದು ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಹೆಚ್ಚು ಹೊತ್ತು ಹಿಡಿಯುವುದು ಎಡಿ ಕೋಡ್. ವಿದೇಶಿ ವಿನಿಮಯ ನಡೆಸಲು ರಿಸರ್ವ್ ಬ್ಯಾಂಕ್ ಅನುಮತಿ ಕೊಟ್ಟಿರುವ ಶಾಖೆಯ ಸಂಖ್ಯೆ ಅದು. ಯಾವ ಸರಕಿನ ಹಣ ಯಾವ ಬ್ಯಾಂಕಿಗೆ ಬರಬೇಕು ಎಂದು ಸುಂಕ ಇಲಾಖೆಗೆ ತಿಳಿಯುವುದು ಇದರಿಂದಲೇ. ಇದು ದಾಖಲಾಗದೆ, ರಫ್ತಿಗಾಗಿ ಸುಂಕ ಇಲಾಖೆಗೆ ಸಲ್ಲಿಸುವ ಶಿಪ್ಪಿಂಗ್ ಬಿಲ್ ಹುಟ್ಟುವುದೇ ಇಲ್ಲ.

ನನ್ನ ಖಾತೆ ಇರುವ ಶಾಖೆಗೆ ಸ್ವಂತ ಎಡಿ ಕೋಡ್ ಇಲ್ಲ, ಅದರ ವಿದೇಶಿ ವಿನಿಮಯ ಕೆಲಸವೆಲ್ಲ ಬೆಂಗಳೂರಿನ ದೊಡ್ಡ ಶಾಖೆಯ ಮೂಲಕ ನಡೆಯುತ್ತದೆ. ಅಲ್ಲಿಂದ ಬಂದ ಮೊದಲ ಪತ್ರದಲ್ಲಿ ನನ್ನ ಐಇಸಿಯೂ ಖಾತೆ ಸಂಖ್ಯೆಯೂ ಇದ್ದವು, ಯಾವ ನಿಲ್ದಾಣಕ್ಕಾಗಿ ಎಂಬುದು ಮಾತ್ರ ಇರಲಿಲ್ಲ. ಎಡಿ ಕೋಡನ್ನು ಸರಕು ಹೊರಡುವ ಪ್ರತಿಯೊಂದು ಬಂದರಿಗೂ ವಿಮಾನ ನಿಲ್ದಾಣಕ್ಕೂ ಬೇರೆ ಬೇರೆಯಾಗಿ ದಾಖಲಿಸಬೇಕಾದ್ದರಿಂದ ಪತ್ರ ಹಿಂದಕ್ಕೆ ಹೋಯಿತು. ಬೆಂಗಳೂರು ವಿಮಾನ ಸರಕು ಕೇಂದ್ರದ ಸಂಕೇತ INBLR4. ಅದನ್ನು ನಮೂದಿಸಿದ ಎರಡನೆಯ ಪತ್ರವನ್ನು ಸುಂಕ ಇಲಾಖೆಯ ಐಸ್‌ಗೇಟ್ ಜಾಲತಾಣದಲ್ಲಿ ಡಿಜಿಟಲ್ ಸಹಿಯೊಂದಿಗೆ ಏರಿಸಿದೆ. ಮುಂದೆ ಚೆನ್ನೈ ಬಂದರಿನಿಂದ ಕಳುಹಿಸುವುದಾದರೆ ಮತ್ತೆ ಇದೇ ಕೆಲಸ.

ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರವೂ ಇದೇ ತಿಂಗಳಲ್ಲಿ ಆಯಿತು. ಜಿಎಸ್‌ಟಿ ಜಾಲತಾಣದಲ್ಲಿ RFD-11 ನಮೂನೆ ತುಂಬಿದರೆ ಐಜಿಎಸ್‌ಟಿ ಕಟ್ಟದೆ ರಫ್ತು ಮಾಡಬಹುದು. ಇಲ್ಲದಿದ್ದರೆ ಮೊದಲು ತೆರಿಗೆ ಕಟ್ಟಿ ಆಮೇಲೆ ವಾಪಸ್ ಕೇಳಬೇಕು. ಸಣ್ಣ ಬಂಡವಾಳದವರಿಗೆ ಅದು ಭಾರ. ಇದರ ಆಯುಷ್ಯ ಮಾರ್ಚ್ 31ರವರೆಗೆ, ಏಪ್ರಿಲ್‌ನಲ್ಲಿ ಹೊಸದು ಬೇಕು.

ಅಕ್ಟೋಬರ್

ರಫ್ತಿಗೆ ಕಡ್ಡಾಯ ಎಂದು ವಿದೇಶ ವ್ಯಾಪಾರ ನೀತಿ ಹೇಳುವುದು ಮೂರೇ ದಾಖಲೆಗಳನ್ನು: ಪ್ಯಾಕಿಂಗ್ ಪಟ್ಟಿ ಸೇರಿದ ವಾಣಿಜ್ಯ ಇನ್‌ವಾಯ್ಸ್, ಶಿಪ್ಪಿಂಗ್ ಬಿಲ್ ಮತ್ತು ಸಾಗಣೆಯ ದಾಖಲೆ. ವಿಮಾನದಲ್ಲಿ ಹೋಗುವುದರಿಂದ ನಮ್ಮದು ಏರ್‌ವೇ ಬಿಲ್. ಸುಂಕ ಇಲಾಖೆಯ ಕೆಲಸವನ್ನು ನಮ್ಮ ಪರವಾಗಿ ಮಾಡುವ ಕಸ್ಟಮ್ಸ್ ಬ್ರೋಕರ್‌ಗೆ ಅಧಿಕಾರಪತ್ರ ಮತ್ತು ಕೆವೈಸಿ ಬೇರೆ ಕೊಡಬೇಕು. ದಾಖಲೆ ಮೂರೇ ಆದರೂ ಒಂದರ ಅಂಕಿ ಇನ್ನೊಂದಕ್ಕೆ ಒಪ್ಪುವಂತೆ ಮಾಡುವುದೇ ಇಲ್ಲಿನ ನಿಜವಾದ ಕೆಲಸ.

ಮೊದಲು ಸರಕಿನ ಸಂಕೇತ. ತೂಕದಲ್ಲಿ ಶೇ 85 ಅಥವಾ ಅದಕ್ಕಿಂತ ಹೆಚ್ಚು ರೇಷ್ಮೆ ಇರುವ ಸೀರೆಗೆ ಎಚ್‌ಎಸ್‌ಎನ್ 50072010. ಅಂಗಡಿಯವರು ಮುಂದಿನ ಕಂತಿಗೆ ಹತ್ತಿ ಬೆರೆತ ಸೀರೆಯನ್ನೂ ಕೇಳಿದ್ದಾರೆ. ರೇಷ್ಮೆಯ ಪಾಲು ಅದಕ್ಕಿಂತ ಕಡಿಮೆಯಾದರೆ ಈ ಸಂಕೇತ ಸಲ್ಲುವುದಿಲ್ಲ. ಆದ್ದರಿಂದ ನೇಕಾರರ ಹತ್ತಿರವೇ ಕೇಳಿದೆ: "ಅಣ್ಣ, ಹಾಸು ಹೊಕ್ಕು ಎರಡೂ ರೇಷ್ಮೆಯೇ?" "ಈ ಇಪ್ಪತ್ತರಲ್ಲಿ ಎರಡೂ ರೇಷ್ಮೆಯೇ, ಅಂಚು ಸೆರಗಿಗೆ ಮಾತ್ರ ಜರಿ. ಬೇಕಾದರೆ ನೂಲಿನ ತೂಕ ಬರೆದುಕೊಡುತ್ತೇನೆ" ಎಂದರು. ಆ ಚೀಟಿಯನ್ನು ಕಡತದಲ್ಲಿ ಇಟ್ಟಿದ್ದೇನೆ. ಇನ್‌ವಾಯ್ಸ್‌ನಲ್ಲಿ ಬರಿಯ "ಸೀರೆ" ಎನ್ನದೆ, ಕೈಮಗ್ಗದ ರೇಷ್ಮೆ ಸೀರೆ, ಜರಿ ಅಂಚು ಎಂದೇ ಬರೆಸಿದೆ.

ಆಮೇಲೆ ಅಳತೆ. ನಾವು ಸೀರೆಯನ್ನು ಎಣಿಸಿ ಮಾರುತ್ತೇವೆ, ಆದರೆ ಈ ಸಂಕೇತಕ್ಕೆ ಸುಂಕ ಪಟ್ಟಿಯ ಅಳತೆ ಚದರ ಮೀಟರ್. ರವಿಕೆ ಕಣ ಸೇರಿ ಉದ್ದ 6.2 ಮೀಟರ್, ಪನ್ನ 1.2 ಮೀಟರ್. ಒಂದು ಸೀರೆಗೆ 7.44 ಚದರ ಮೀಟರ್, ಇಪ್ಪತ್ತಕ್ಕೆ 148.8. ಇನ್‌ವಾಯ್ಸ್‌ನಲ್ಲಿ ಎರಡನ್ನೂ ಬರೆದೆ. ಇಲ್ಲದಿದ್ದರೆ ಬ್ರೋಕರ್ ಕಚೇರಿಯವರು ಅಂದಾಜಿನ ಅಂಕಿ ಹಾಕಬೇಕಾಗುತ್ತದೆ.

ಬೆಲೆ ಸೀರೆಗೆ 150 ಡಾಲರ್, ಒಟ್ಟು 3,000. ವಿಮಾನ ಸಾಗಣೆ 260, ವಿಮೆ 20 ಸೇರಿ ಖರೀದಿದಾರರು ಕೊಡಬೇಕಾದದ್ದು 3,280. ಶಿಪ್ಪಿಂಗ್ ಬಿಲ್‌ಗೆ ಸಾಗಣೆ, ವಿಮೆ ಬಿಟ್ಟ ಎಫ್‌ಒಬಿ ಮೌಲ್ಯ, ಅಂದರೆ 3,000, ಪ್ರತ್ಯೇಕವಾಗಿ ಬೇಕು. ಸಾಗಣೆ ಮತ್ತು ವಿಮೆಯನ್ನು ಬಿಡಿಸಿ ತೋರಿಸದಿದ್ದರೆ ಇಡೀ ಮೊತ್ತ ಸರಕಿನ ಬೆಲೆಯಂತೆ ಕಾಣುತ್ತದೆ. ರೂಪಾಯಿಗೆ ಪರಿವರ್ತಿಸುವುದು ಸುಂಕ ಇಲಾಖೆಯ ದರದಲ್ಲಿ, ಹಾಗಾಗಿ ಬ್ಯಾಂಕ್ ಕೊಡುವ ರೂಪಾಯಿಗೆ ಅದು ಸರಿಹೊಂದದಿದ್ದರೆ ಗಾಬರಿಯಾಗಬೇಕಿಲ್ಲ. ಮುಂಗಡ ಸಾವಿರ ಡಾಲರ್ P0103 ಎಂಬ ಉದ್ದೇಶ ಸಂಕೇತದಲ್ಲಿ ಬಂದಿದೆ.

ಪ್ಯಾಕಿಂಗ್ ಪಟ್ಟಿಯಲ್ಲಿ ಎರಡು ಪೆಟ್ಟಿಗೆ, ಒಂದೊಂದರಲ್ಲಿ ಹತ್ತು ಸೀರೆ. ಸರಕಿನ ತೂಕ 15 ಕಿಲೋ, ಪೆಟ್ಟಿಗೆ ಸೇರಿ 17.2 ಕಿಲೋ. ಏರ್‌ವೇ ಬಿಲ್‌ನಲ್ಲೂ ಎರಡು ಪೆಟ್ಟಿಗೆ, 17.2 ಕಿಲೋ ಎಂದೇ ಇರಬೇಕು. ಪೆಟ್ಟಿಗೆಗೆ ಟೇಪು ಸುತ್ತಿದ ಮೇಲೆ ಮತ್ತೊಮ್ಮೆ ತೂಗಿಸಿದ್ದು ಇದಕ್ಕಾಗಿಯೇ.

ಸರಕು ಯಾವ ದೇಶದ್ದು ಎಂದು ಹೇಳುವ ಮೂಲದ ಪ್ರಮಾಣಪತ್ರ ಮಾಡಿಸಲಿಲ್ಲ. ಸಿಂಗಪುರದಲ್ಲಿ ಸೀರೆಗೆ ಆಮದು ಸುಂಕವೇ ಇಲ್ಲ, ಶೇ 9ರ ಜಿಎಸ್‌ಟಿಯನ್ನು ಖರೀದಿದಾರರು ಅಲ್ಲಿ ಕಟ್ಟುತ್ತಾರೆ. ಸುಂಕ ರಿಯಾಯಿತಿ ಸಿಗುವ ದೇಶಕ್ಕೆ ಕಳುಹಿಸುವವರು ಮಾತ್ರ ಆ ಖರ್ಚು ಮಾಡಲಿ.

ಅಕ್ಟೋಬರ್ ಕೊನೆ

ಬ್ರೋಕರ್ ಕಚೇರಿಯಿಂದ ಶಿಪ್ಪಿಂಗ್ ಬಿಲ್‌ನ ಕರಡು ಬಂತು. ಇದನ್ನು ಅವರು "ಚೆಕ್‌ಲಿಸ್ಟ್" ಎನ್ನುತ್ತಾರೆ. ಮೊದಲ ಬಾರಿ ಕಳುಹಿಸುವವರಿಗೆ ನಾನು ಒತ್ತಿ ಹೇಳುವುದು ಇದೊಂದನ್ನೇ: ಸಲ್ಲಿಸುವ ಮುನ್ನ ಪ್ರತಿ ಸಾಲನ್ನೂ ಓದಿ. ಸರಕು ಹೊರಟ ಮೇಲೆ ತಿದ್ದುಪಡಿ ಬೇಕಾದರೆ ಸುಂಕ ಕಾಯ್ದೆಯ 149ನೇ ಕಲಮಿನಡಿ ಅಧಿಕಾರಿಯ ಅನುಮತಿ ಬೇಕು, ಅದೂ ರಫ್ತಿನ ಹೊತ್ತಿಗೇ ಇದ್ದ ದಾಖಲೆಗಳ ಆಧಾರದ ಮೇಲೆ ಮಾತ್ರ. ನಮ್ಮ ಕರಡಿನಲ್ಲಿ ಮೂಲ ಜಿಲ್ಲೆ ಬೆಂಗಳೂರು ಎಂದಿತ್ತು. 2021ರಿಂದ ಸರಕಿನ ಮೂಲ ರಾಜ್ಯ ಮತ್ತು ಜಿಲ್ಲೆಯನ್ನು ಶಿಪ್ಪಿಂಗ್ ಬಿಲ್‌ನಲ್ಲಿ ಹೇಳಬೇಕು. ಸೀರೆ ನೇಯ್ದದ್ದು ಮೊಳಕಾಲ್ಮೂರಿನಲ್ಲಿ, ಆದ್ದರಿಂದ ಚಿತ್ರದುರ್ಗ ಎಂದು ಬದಲಿಸಲು ಹೇಳಿದೆ, ಅವರು ಕೂಡಲೇ ಬದಲಿಸಿದರು.

ಅಧಿಕಾರಿಗಳು ಒಂದು ಪೆಟ್ಟಿಗೆ ತೆರೆಸಿ ನೋಡಿ ರಫ್ತಿಗೆ ಅನುಮತಿ ಆದೇಶ ಕೊಟ್ಟರು. ಇನ್ನು ವಿಮಾನ ಸಂಸ್ಥೆ ತನ್ನ ರಫ್ತು ಸರಕು ಪಟ್ಟಿಯನ್ನು, ಅಂದರೆ ಇಜಿಎಂ ಅನ್ನು, ಸಲ್ಲಿಸಬೇಕು. ಅದು ಶಿಪ್ಪಿಂಗ್ ಬಿಲ್‌ಗೆ ತಾಳೆಯಾಗದಿದ್ದರೆ ಸುಂಕ ವಾಪಸಾತಿ ಮುಂದಕ್ಕೆ ಸಾಗುವುದಿಲ್ಲ, ಹಾಗಾಗಿ ಐಸ್‌ಗೇಟ್‌ನಲ್ಲಿ ಅದರ ಸ್ಥಿತಿ ನೋಡುತ್ತಿದ್ದೇನೆ. ಆಮೇಲೆ ಜಿಎಸ್‌ಟಿಯ ಮಾರಾಟ ವಿವರಪಟ್ಟಿಯಾದ GSTR-1ರ 6A ಕೋಷ್ಟಕದಲ್ಲಿ ಶಿಪ್ಪಿಂಗ್ ಬಿಲ್ ಸಂಖ್ಯೆ, ದಿನಾಂಕ ಮತ್ತು INBLR4 ನಮೂದಿಸಬೇಕು. ಉಳಿದ 2,280 ಡಾಲರ್ ಬಂದ ದಿನ ಈ ಶಿಪ್ಪಿಂಗ್ ಬಿಲ್‌ಗೆ ಅದನ್ನು ಜೋಡಿಸಲು ಬ್ಯಾಂಕಿಗೆ ಬರೆಯಬೇಕು.